ಮಲಗಿದ ಎಲೆಯ ಎಬ್ಬಿಸಬೇಡ

ಬಾ ಮಗಾ, ಈ ಕಡೆ ತಿರುಗಿ ಮಲಗು. ಕೌದಿ ಕಾಲು ಮುಚ್ಚಿತಾ? ಹ್ಞೂಂ. ಈಗ ಕಥೆ.

ತುಮಕೂರಿನ ಹತ್ತಿರ ನಾಗವಲ್ಲಿ ಅಂತ ಒಂದು ಊರು. ಆ ಊರಿನ ಸುತ್ತ ಹೊಲ, ತೆಂಗಿನ ತೋಟ, ಜಾಲಿ ಪೊದೆ. ಅಲ್ಲೊಂದು ಹೊಲದ ಬದುವಿನ ಮೇಲೆ ದೊಡ್ಡದೊಂದು ಹುಣಸೆಮರ. ಎಷ್ಟು ದೊಡ್ಡದು ಅಂದರೆ, ನಾನು, ನೀನು, ಅಪ್ಪ, ಅಮ್ಮ ನಾಲ್ಕೂ ಜನ ಕೈಕೈ ಹಿಡಿದು ತಬ್ಬಿದರೂ ಸಾಲದು. ಮರದ ಪಕ್ಕದಲ್ಲಿ ಒಂದು ಹಳೇ ಬಾವಿ. ಬಾವಿ ತುಂಬ ನೀರು. ನೀರು ತುಂಬ ಕಪ್ಪೆ.

ಆ ಮರದಲ್ಲಿ ಒಂದು ಕಾಡುಪಾಪ ಇತ್ತು. ಕಾಡುಪಾಪ ಗೊತ್ತಲ್ಲ? ಅಪ್ಪನ ಅಂಗೈಯಲ್ಲಿ ಕೂರುವಷ್ಟೇ ಪ್ರಾಣಿ. ಕಡ್ಡಿಯಂಥ ಕೈ, ಕಡ್ಡಿಯಂಥ ಕಾಲು, ಬಾಲ ಇಲ್ಲವೇ ಇಲ್ಲ. ಮುಖದ ತುಂಬ ಕಣ್ಣು, ಒಂದೊಂದೂ ಗೋಲಿಯಷ್ಟು ಗುಂಡಗೆ. ಹಗಲೆಲ್ಲ ಮುದ್ದೆ ಹಾಗೆ ಮುದುರಿಕೊಂಡು ಮಲಗುತ್ತದೆ. ನೀನು ಮಲಗುವ ಹೊತ್ತಿಗೆ ಅದು ಏಳುತ್ತದೆ.

ಬೆಳಗಿನ ಜಾವ, ಆಕಾಶದಲ್ಲಿ ಬೆಳ್ಳಿ ಮೂಡೋ ಹೊತ್ತಿಗೆ ಹುಟ್ಟಿದ್ದಕ್ಕೆ ಈ ಕಾಡುಪಾಪಕ್ಕೆ ಅವರಮ್ಮ ಬೆಳ್ಳಿ ಅಂತಲೇ ಹೆಸರಿಟ್ಟಿದ್ದಳು.

ಬೆಳ್ಳಿಗೆ ಓಡೋಕೆ ಬರುತ್ತಿರಲಿಲ್ಲ. ನೆಗೆಯೋಕೂ ಬರುತ್ತಿರಲಿಲ್ಲ. ಕಾಡುಪಾಪಗಳು ನೆಗೆಯುವುದೇ ಇಲ್ಲ, ನಡೆಯುತ್ತವೆ. ಅವರಮ್ಮ ನಡೆಯೋದು ಕಲಿಸುವಾಗ ಒಂದು ಮಾತು ಹೇಳಿಕೊಟ್ಟಿದ್ದಳು:

“ಒಂದು ಕೈ ಹಿಡಿ,
ಒಂದು ಕಾಲು ಬಿಡು,
ಮಲಗಿದ ಎಲೆಯ ಎಬ್ಬಿಸಬೇಡ.”

ಎಲೆ ಮಲಗುತ್ತದಾ ಅಂತ ಕೇಳುತ್ತೀಯಾ? ಹುಣಸೆ ಎಲೆ ಮಲಗುತ್ತದೆ ಮಗಾ. ಕತ್ತಲಾದರೆ ಸಾಕು, ಎದುರುಬದುರಿನ ಪುಟ್ಟ ಪುಟ್ಟ ಎಲೆಗಳೆಲ್ಲ ಕೈಮುಗಿದ ಹಾಗೆ ಮಡಚಿಕೊಳ್ಳುತ್ತವೆ. ನಾಳೆ ಸಂಜೆ ಗುಡಿ ಹಿಂದಿನ ಮರದಲ್ಲಿ ತೋರಿಸುತ್ತೀನಿ. ಆ ಎಲೆ ಅಲುಗಿದರೆ ಹುಳಕ್ಕೆ ಗೊತ್ತಾಗುತ್ತದೆ. ಹುಳ ಹಾರಿಹೋದರೆ ಬೆಳ್ಳಿಗೆ ಊಟ ಇಲ್ಲ. ಅದಕ್ಕೇ ಅವಳು ಮೆಲ್ಲಗೆ, ಬಲು ಮೆಲ್ಲಗೆ ನಡೆಯುತ್ತಿದ್ದಳು.

ಅದೇ ಮರದ ಪೊಟರೆಯಲ್ಲಿ ಅಳಿಲಮ್ಮನ ಮನೆ. ತೆಂಗಿನ ನಾರು, ಹತ್ತಿ, ಯಾರದೋ ಹಳೇ ಸೀರೆಯ ದಾರ ಎಲ್ಲ ತಂದು ಹಾಸಿದ್ದ ಮೆತ್ತನೆ ಮನೆ. ಅಲ್ಲಿ ಮೂರು ಮರಿ. ಕೊನೆಯವನು ಚಿಲ್ಲು. ಅಳಿಲುಗಳು ಹೇಗೆ ಅಂತ ನಿನಗೆ ಗೊತ್ತು. ಸರ್ರನೆ ಹತ್ತೋದು, ಪುರ್ರನೆ ಇಳಿಯೋದು, ಈ ಕೊಂಬೆಯಿಂದ ಆ ಕೊಂಬೆಗೆ ಜಿಗಿಯೋದು. ಒಂದು ನಿಮಿಷ ಸುಮ್ಮನೆ ಕೂರುವ ಜಾತಿಯೇ ಅಲ್ಲ. (ನಮ್ಮ ಮನೆಯಲ್ಲೂ ಅಂಥವರು ಒಬ್ಬರಿದ್ದಾರೆ. ಯಾರು ಅಂತ ಹೇಳಲ್ಲ.)

ಸಂಜೆ ಅಳಿಲುಗಳು ಮಲಗೋಕೆ ಹೊರಟಾಗ ಬೆಳ್ಳಿ ಆಗ ತಾನೇ ಕಣ್ಣುಜ್ಜಿಕೊಂಡು ಎದ್ದಿರುತ್ತಿದ್ದಳು. ಆಗ ಅಳಿಲಮ್ಮ ನಗುತ್ತಾ ಕೂಗುವಳು:

“ಏ ಬೆಳ್ಳಿ, ಎತ್ಲಾಗೆ ಹೊರಟೆ? ನೀನು ಆ ಕೊಂಬೆ ಮುಟ್ಟೋ ಅಷ್ಟರಲ್ಲಿ ನಮಗೆ ಬೆಳಗಾಗಿರ್ತದೆ ಬಿಡು!”

ಮರಿಗಳೂ ಕಿಲಕಿಲ ನಗುವವು. ಬೆಳ್ಳಿ ಏನೂ ಅನ್ನುತ್ತಿರಲಿಲ್ಲ. ಆದರೆ ಮರೆಯಲ್ಲಿ ಕೂತು ತನ್ನ ಕೈ, ತನ್ನ ಕಾಲು ನೋಡಿಕೊಳ್ಳುವಳು. “ನನಗ್ಯಾಕಮ್ಮಾ ನೆಗೆಯೋಕೆ ಬರಲ್ಲ?” ಅಂತ ಕೇಳುವಳು. ಅವರಮ್ಮ ತಲೆ ನೇವರಿಸಿ, “ಊಟಕ್ಕೆ ಹೊತ್ತಾಯ್ತು, ನಡಿ” ಅನ್ನುವಳು.

ಒಂದು ದಿನ ಏನಾಯ್ತು ಗೊತ್ತಾ?

ಸಂಜೆ ಮೂರೂ ಅಳಿಲುಮರಿಗಳು ಹಿಡಿಯೋ ಆಟ ಆಡುತ್ತಿದ್ದವು. ಚಿಲ್ಲು ಮುಂದೆ, ಅಣ್ಣಂದಿರು ಹಿಂದೆ. ಚಿಲ್ಲು ಓಡಿದ, ಓಡಿದ, ಬಾವಿಯ ಮೇಲೆ ಚಾಚಿದ್ದ ಒಂದು ಒಣಕೊಂಬೆಯ ತುದಿಗೇ ಹೋಗಿಬಿಟ್ಟ. ಅಣ್ಣಂದಿರು ಮನೆಗೆ ಓಡಿದರು. ಸೂರ್ಯ ಮುಳುಗಿದ. ಚಿಲ್ಲು ಕೆಳಗೆ ನೋಡಿದ. ಬಾವಿ ಕಪ್ಪಗೆ ಬಾಯಿ ತೆರೆದಿತ್ತು. ಅವನ ಕಾಲು ಅಲ್ಲೇ ಅಂಟಿಕೊಂಡಿತು.

“ಅಮ್ಮಾ!”

ಅಳಿಲಮ್ಮ ಓಡಿಬಂದಳು. ಒಂದೇ ನೆಗೆತಕ್ಕೆ ಕೊಂಬೆ ಮೇಲೆ ಕಾಲಿಟ್ಟಳು. ಕರ್ರ್... ಅಂತು ಕೊಂಬೆ. ಚಿಲ್ಲು ಉಯ್ಯಾಲೆ ಹಾಗೆ ಮೇಲೆ ಕೆಳಗೆ ತೂಗಿದ. ಅಳಿಲಮ್ಮ ಗಾಬರಿಯಾಗಿ ಹಿಂದಕ್ಕೆ ಬಂದಳು. ಕತ್ತಲು ಬೇರೆ. ಅಳಿಲಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣಲ್ಲ ಮಗಾ, ಎಲ್ಲಿ ಕಾಲಿಡಬೇಕೋ ತಿಳಿಯದು.

ಮರದವರೆಲ್ಲ ಸೇರಿದರು. ಕಾಗೆ, “ನನಗೂ ಈ ಹೊತ್ತಲ್ಲಿ ಏನೂ ಕಾಣಲ್ಲ ಕಣವ್ವ” ಅಂದಿತು. ಮೇಲಿನ ಕೊಂಬೆಯಲ್ಲಿದ್ದ ಗೂಬೆ ಗಂಟಲು ಸರಿಮಾಡಿಕೊಂಡು, “ನನಗೆ ಚೆನ್ನಾಗಿ ಕಾಣ್ತದೆ. ನಾನು ಬೇಕಾದರೆ ಉಗುರಲ್ಲಿ ಎತ್ಕೊಂಡು ಬರ್ತೀನಿ” ಅಂದಿತು.

“ಬೇಡ ಬೇಡ ಬೇಡ!” ಅಂದರು ಎಲ್ಲರೂ.

ಗೂಬೆಗೆ ಸ್ವಲ್ಪ ಬೇಜಾರಾಯಿತು. ಆಗಲಿ ಬಿಡು.

ಅಷ್ಟರಲ್ಲಿ ಬೆಳ್ಳಿ ಎದ್ದಳು. ಕಣ್ಣುಜ್ಜಿಕೊಂಡಳು. ಒಣಕೊಂಬೆ ನೋಡಿದಳು, ಬಾವಿ ನೋಡಿದಳು, ತುದಿಯಲ್ಲಿ ನಡುಗುತ್ತಿದ್ದ ಚಿಲ್ಲುವನ್ನೂ ನೋಡಿದಳು. ಅವಳ ಗೋಲಿಗಣ್ಣಿಗೆ ಅವನ ಮೀಸೆ ನಡುಗೋದೂ ಕಾಣುತ್ತಿತ್ತು.

“ನಾನು ಹೋಗ್ಲಾ?” ಅಂದಳು.

ಯಾರೂ ಮಾತಾಡಲಿಲ್ಲ. ಬೆಳ್ಳಿ ಹೊರಟಳು.

ಒಂದು ಕೈ ಹಿಡಿ,
ಒಂದು ಕಾಲು ಬಿಡು,
ಮಲಗಿದ ಎಲೆಯ ಎಬ್ಬಿಸಬೇಡ.

“ಬೇಗ ಬೆಳ್ಳಿ, ಬೇಗ!” ಅಂತ ಅಳಿಲಮ್ಮ ಅತ್ತಳು. “ನನ್ನ ಮಗ ಬಿದ್ದೋಗ್ತಾನೆ, ಬೇಗ ಹೋಗವ್ವಾ!”

ಪಾಪ, ತಾಯಿ ಅಲ್ಲವಾ? ಬೆಳ್ಳಿಗೂ ಹಾಗೇ ಅನ್ನಿಸಿತು. ಬೇಗ ಹೋಗಬೇಕು ಅಂತ ಎರಡು ಕೈಯನ್ನೂ ಒಟ್ಟಿಗೇ ಮುಂದೆ ಹಾಕಿದಳು. ಕೊಂಬೆ ಗಡಗಡ ಅಂತು. ಒಂದು ಒಣ ಹುಣಸೆಕಾಯಿ ಕಳಚಿಕೊಂಡು ಕೆಳಗೆ ಹೋಯಿತು. ಹೋಯಿತು, ಹೋಯಿತು...

ಡುಬುಕ್.

ಕಪ್ಪೆಗಳೆಲ್ಲ ಒಂದು ಗಳಿಗೆ ಸುಮ್ಮನಾದವು.

ಬೆಳ್ಳಿ ನಿಂತಳು. ಕೊಂಬೆ ತೂಗಾಡುವುದು ನಿಲ್ಲುವ ತನಕ ನಿಂತೇ ಇದ್ದಳು. ಅಳಿಲಮ್ಮ ಕೂಗಿದಳು, ಕಾಗೆ ಕೂಗಿತು, ಅವಳು ಕದಲಲಿಲ್ಲ. ಆಮೇಲೆ ತನ್ನ ನಡಿಗೆಯಲ್ಲೇ ಹೊರಟಳು.

ಒಂದು ಕೈ ಹಿಡಿ. ಅವಳ ಬೆರಳು ಕೊಂಬೆಯನ್ನು ಇಕ್ಕಳದ ಹಾಗೆ ಹಿಡಿದವು.
ಒಂದು ಕಾಲು ಬಿಡು. ಕೊಂಬೆಗೆ ನೋವಾಗುತ್ತದೇನೋ ಅನ್ನುವ ಹಾಗೆ ಬಿಟ್ಟಳು.

ಆ ಒಣಕೊಂಬೆಗೆ ಒಂದೇ ಒಂದು ಹಸಿರು ಚಿಗುರು ಉಳಿದಿತ್ತು. ಕೈಮುಗಿದು ಮಲಗಿದ್ದ ಅದರ ಎಲೆಗಳ ಪಕ್ಕದಲ್ಲೇ ಬೆಳ್ಳಿ ದಾಟಿ ಹೋದಳು. ಮಲಗಿದ ಎಲೆ ಏಳಲಿಲ್ಲ.

ಚಂದ್ರ ಮೇಲೆ ಬಂದ. ತೆಂಗಿನ ಗರಿಯ ಮೇಲೆಲ್ಲ ಹಾಲು ಚೆಲ್ಲಿದ ಹಾಗಾಯಿತು. ಕಪ್ಪೆಗಳು ಮತ್ತೆ ವಟಗುಟ್ಟೋಕೆ ಶುರು ಮಾಡಿದವು. ಬೆಳ್ಳಿ ಇನ್ನೂ ಅರ್ಧ ದಾರಿ. ಚಂದ್ರ ಮರದ ನೆತ್ತಿಗೆ ಬರುವ ಹೊತ್ತಿಗೆ ಅವಳು ಚಿಲ್ಲು ಹತ್ತಿರ ಬಂದಿದ್ದಳು.

“ಚಿಲ್ಲು.”

“ಹ್ಞಾಂ.”

“ಕೆಳಗೆ ನೋಡ್ಬೇಡ. ಕಣ್ಣು ಮುಚ್ಕೋ. ಏನು ಕೇಳಿಸ್ತದೆ ಹೇಳು.”

“ಕಪ್ಪೆ.”

“ಆಮೇಲೆ?”

“ಜೀರುಂಡೆ... ಗಾಳಿ.”

“ಇನ್ನೇನು?”

ಚಿಲ್ಲು ಕಿವಿಗೊಟ್ಟು ಕೇಳಿದ. “ನಿನ್ನ ಎದೆ. ಡುಬ್ ಡುಬ್ ಅಂತಿದೆ.”

“ನಂಗೂ ಹೆದರಿಕೆ ಆಗ್ತಿದೆ, ಅದಕ್ಕೇ” ಅಂದಳು ಬೆಳ್ಳಿ. “ಈಗ ನನ್ನ ಬೆನ್ನಿನ ಕೂದಲು ಹಿಡ್ಕೋ. ಇನ್ನೇನೂ ಮಾಡ್ಬೇಡ. ನಿದ್ದೆ ಬಂದರೆ ನಿದ್ದೆ ಮಾಡು.”

ಚಿಲ್ಲು ಒಂದು ಕೈ ಹಾಕಿದ. ಇನ್ನೊಂದು ಕೈ ಹಾಕಿದ. ಬೆಳ್ಳಿಯ ಬೆನ್ನು ಬೆಚ್ಚಗಿತ್ತು, ಮೆತ್ತಗಿತ್ತು, ಮನೆಯ ಹತ್ತಿಯ ಹಾಗೆ. ಅಲ್ಲೇ ಕೆನ್ನೆಯಿಟ್ಟ.

ಬೆಳ್ಳಿ ಹಿಂದಕ್ಕೆ ತಿರುಗಿದಳು. ತಿರುಗೋಕೇ ಎಷ್ಟೋ ಹೊತ್ತು ಹಿಡಿಯಿತು. ಈ ಸಲ ಯಾರೂ “ಬೇಗ” ಅನ್ನಲಿಲ್ಲ. ಅಳಿಲಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದಳು. ಕಾಗೆ ರೆಕ್ಕೆ ಬಿಗಿಹಿಡಿದಿತ್ತು. ಗೂಬೆ ಕಣ್ಣು ಮಿಟುಕಿಸೋದನ್ನೂ ನಿಲ್ಲಿಸಿತ್ತು.

ಒಂದು ಕೈ ಹಿಡಿ...
ಒಂದು ಕಾಲು ಬಿಡು...

ನಡುವಿನಲ್ಲಿ ಚಿಲ್ಲುವಿನ ಉಸಿರು ಉದ್ದವಾಯಿತು. ನಿಜವಾಗಲೂ ನಿದ್ದೆ ಹೋಗಿಬಿಟ್ಟಿದ್ದ. ಬಾವಿಯ ಮೇಲೆ, ಒಣಕೊಂಬೆಯಲ್ಲಿ, ಒಂದು ಕಾಡುಪಾಪದ ಬೆನ್ನ ಮೇಲೆ.

ದಪ್ಪ ಕೊಂಬೆ ಬಂತು. ಅಳಿಲಮ್ಮ ಮಗನನ್ನು ಮೆಲ್ಲಗೆ ಬಾಯಲ್ಲಿ ಕಚ್ಚಿಕೊಂಡಳು. ಅದಕ್ಕೇ ಅವಳಿಗೆ ಮಾತಾಡೋಕೆ ಆಗಲಿಲ್ಲ. ಬೆಳ್ಳಿಯನ್ನು ನೋಡಿದಳು, ಅಷ್ಟೇ. ಬೆಳ್ಳಿಗೆ ತುಂಬ ಹಸಿವಾಗಿತ್ತು. ಹುಳ ಹುಡುಕಿಕೊಂಡು ಹೋದಳು.

ಬೆಳಗಿನ ಜಾವ ಪೂರ್ವದಲ್ಲಿ ಬೆಳ್ಳಿ ಮೂಡಿತು. ಮರದ ಬೆಳ್ಳಿ ಅವರಮ್ಮನ ಹತ್ತಿರ ಬಂದು, ಮುಖವನ್ನು ಮಡಿಲಲ್ಲಿ ಹುದುಗಿಸಿ, ಮುದ್ದೆಯ ಹಾಗೆ ಮುದುರಿಕೊಂಡು ಮಲಗಿದಳು.

ಬೆಳಗಾಯಿತು. ಹುಣಸೆ ಎಲೆಗಳೆಲ್ಲ ಕೈ ಬಿಡಿಸಿಕೊಂಡು ಎದ್ದವು. ಅಳಿಲುಗಳೂ ಎದ್ದವು. ಚಿಲ್ಲು ಮುಂದೆ, ಅಣ್ಣಂದಿರು ಹಿಂದೆ, ಸರ್ರನೆ, ಪುರ್ರನೆ ಹೊರಟರು. ಬೆಳ್ಳಿ ಮಲಗಿದ್ದ ಕೊಂಬೆ ಬಂತು ನೋಡು, ಮುಂದಿದ್ದ ಚಿಲ್ಲು ಗಕ್ಕನೆ ನಿಂತ. ಹಿಂದಿನವರು ಬಂದು ಅವನಿಗೆ ಡಿಕ್ಕಿ ಹೊಡೆದರು.

“ಶ್...” ಅಂದ ಚಿಲ್ಲು.

ಅಳಿಲಮ್ಮ, ಅವಳ ಹಿಂದೆ ಒಂದು ಮರಿ, ಅದರ ಹಿಂದೆ ಇನ್ನೊಂದು, ಕೊನೆಯಲ್ಲಿ ಚಿಲ್ಲು. ಎಲ್ಲರೂ ಸಾಲಾಗಿ ನಿಂತರು. ಅಳಿಲುಗಳಿಗೆ ಅದು ಬಲು ಕಷ್ಟ. ಬಾಲ ಅಲುಗುತ್ತದೆ, ಕಾಲು ತುರಿಸುತ್ತದೆ. ಆದರೂ ಹೊರಟರು.

ಒಂದು ಕೈ ಹಿಡಿ...

ಒಂದು ಕಾಲು ಬಿಡು...

ಮಲಗಿದ ಪಾಪ ಏಳಲಿಲ್ಲ.