ವಿಷಯ: ಅರ್ಜಿಯಲ್ಲಿ ಜನಾಂಗ ಕೇಳಿರುವುದು ಯಾಕೆ? (ಕನ್ನಡ ಗ್ರಾಹಕ ಸೇವೆ ಹುದ್ದೆ)

ನೇಮಕಾತಿ ವಿಭಾಗದವರಿಗೆ ನಮಸ್ಕಾರ,

ನಿಮ್ಮ ಹುಬ್ಬಳ್ಳಿ ಕಚೇರಿಯ ಕನ್ನಡ ಗ್ರಾಹಕ ಸೇವೆ ಹುದ್ದೆಗೆ ಶಿರಸಿಯಿಂದ ಅರ್ಜಿ ತುಂಬುತ್ತಿದ್ದೇನೆ. ಓದು, ಅನುಭವ ಎಲ್ಲ ಬರೆದಾಯಿತು. ಕೊನೆಯ ಪುಟದ Race/Ethnicity ಎಂಬಲ್ಲಿ ನಿಂತಿದ್ದೇನೆ. ಅದಕ್ಕೆ ಕೆಂಪು ನಕ್ಷತ್ರ ಹಾಕಿದ್ದೀರಿ. 'ಹೇಳಲು ಇಷ್ಟವಿಲ್ಲ' ಎಂಬ ಆಯ್ಕೆಯೇ ಇಲ್ಲ. ಏನಾದರೂ ಒಂದನ್ನು ಆರಿಸದೆ ಅರ್ಜಿ ಮುಂದೆ ಹೋಗುತ್ತಿಲ್ಲ.

ನಾನು ಸಿದ್ದಿ ಸಮುದಾಯದವಳು. ನಮ್ಮ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ನಾನು ಹುಟ್ಟಿದ್ದು ಯಲ್ಲಾಪುರದ ಕಡೆ, ಓದಿದ್ದು ಕನ್ನಡ ಶಾಲೆಯಲ್ಲಿ. ನಿಮ್ಮ ಪಟ್ಟಿಯಲ್ಲಿ Asian ಇದೆ, Black or African American ಇದೆ. ಮೊದಲನೆಯದು ನನ್ನ ಊರಿಗೆ ಹೊಂದುತ್ತದೆ, ಎರಡನೆಯದು ಅರ್ಧ ಮಾತ್ರ ಹೊಂದುತ್ತದೆ. ಅಮೆರಿಕವನ್ನು ನಾನು ಕಂಡೇ ಇಲ್ಲ. ಯಾವುದನ್ನು ಒತ್ತಲಿ?

ಈ ಪ್ರಶ್ನೆ ಅಮೆರಿಕದ ನಿಮ್ಮ ಮುಖ್ಯ ಕಚೇರಿಯ ಫಾರ್ಮಿನಿಂದ ಬಂದಿರಬೇಕು ಅನಿಸುತ್ತದೆ. ಅಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಜನಾಂಗ ನೋಡಿ ಕೆಲಸ ನಿರಾಕರಿಸುವುದನ್ನು ತಡೆಯುತ್ತದೆ. 100 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಕಂಪನಿಗಳು ಯಾವ ಜನಾಂಗದವರು ಎಷ್ಟಿದ್ದಾರೆ ಎಂಬ ಲೆಕ್ಕವನ್ನು ಸರ್ಕಾರಕ್ಕೆ ಕೊಡುತ್ತವೆ. ತಾರತಮ್ಯ ಹಿಡಿಯಲು ಆ ಲೆಕ್ಕ ಬೇಕೇ ಬೇಕು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಅಲ್ಲಿನ ನೌಕರರ ಲೆಕ್ಕ. ಅಲ್ಲೂ ಅರ್ಜಿದಾರರಿಗೆ ಉತ್ತರ ಕೊಡುವ ಒತ್ತಾಯ ಸಾಮಾನ್ಯವಾಗಿ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಕನ್ನಡದ ಫೋನ್ ಎತ್ತುವವಳಿಗೆ ಇದು ಯಾಕೆ ಕಡ್ಡಾಯ?

ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದೇವೆ. ಸರ್ಕಾರಿ ಅರ್ಜಿಗೆ ತಹಶೀಲ್ದಾರರ ಪ್ರಮಾಣಪತ್ರ ಹಚ್ಚುವಾಗ ನನಗೆ ಹಿಂಜರಿಕೆಯಿಲ್ಲ. ಅದು ಮೀಸಲಾತಿಗೆ ಎಂದು ಗೊತ್ತು. ನಿಮ್ಮ ಫಾರ್ಮಿನಲ್ಲಿ ಕಾರಣ ಒಂದು ಸಾಲೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೂದಲು ನೋಡಿ "ನೀವು ಯಾವ ದೇಶದವರು?" ಎಂದು ಕೇಳುವವರಿಗೆ ನಾನು ಉತ್ತರ ಕೊಡದೆ ಹೋಗಬಹುದು. ಇಲ್ಲಿ ಉತ್ತರ ಕೊಡದಿದ್ದರೆ ಕೆಲಸವೇ ತಪ್ಪುತ್ತದೆ, ಅಲ್ವಾ?

ದಯವಿಟ್ಟು ಇಷ್ಟು ತಿಳಿಸಿ. ಸಂದರ್ಶನ ಮಾಡುವವರಿಗೆ ನನ್ನ ಉತ್ತರ ಕಾಣುತ್ತದೆಯೇ? ಆಯ್ಕೆಯ ಪಟ್ಟಿ ಮಾಡುವಾಗ ಅದನ್ನು ನೋಡುತ್ತಾರೆಯೇ? ನಾನು ಆಯ್ಕೆಯಾಗದಿದ್ದರೆ ಅದನ್ನು ಯಾವಾಗ ಅಳಿಸುತ್ತೀರಿ? ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಮಾಹಿತಿ ಯಾಕೆ ಬೇಕೆಂದು ಹೇಳಿ ಒಪ್ಪಿಗೆ ಕೇಳಬೇಕು ಎನ್ನುತ್ತದೆ.

ನಾನು ಸಿದ್ದಿ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೇ. ಬಚ್ಚಿಡಲು ಈ ಪತ್ರ ಬರೆಯುತ್ತಿಲ್ಲ. ಅರ್ಜಿಗೆ ಶುಕ್ರವಾರ ಕೊನೆಯ ದಿನ. ಅಷ್ಟರೊಳಗೆ ಆ ನಕ್ಷತ್ರ ತೆಗೆಯಲು ಆಗದಿದ್ದರೆ, ಆ ಜಾಗ ಖಾಲಿ ಬಿಟ್ಟ ನನ್ನ ಅರ್ಜಿಯನ್ನು ಇಮೇಲ್‌ನಲ್ಲೇ ಸ್ವೀಕರಿಸಿ. ಅರ್ಜಿಯ ಪ್ರತಿ ಇದರ ಜೊತೆಗಿದೆ.

ವಂದನೆಗಳೊಂದಿಗೆ,
ಮಂಜುಳಾ ಸಿದ್ದಿ
ಶಿರಸಿ