ಭತ್ತದ ಗದ್ದೆಗೆ ಕೀಟನಾಶಕ: ಎಕರೆ, ಗುಂಟೆ ಮತ್ತು ಕ್ಯಾನಿನ ಲೆಕ್ಕದಲ್ಲಿ ಅಳತೆ ಮತ್ತು ಸೂಚನೆಗಳು
(ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಸಣ್ಣ ಹಿಡುವಳಿದಾರರಿಗೆ, ಮುಂಗಾರು ಭತ್ತ)

ಭತ್ತದ ಔಷಧಿಗಳ ಬಗ್ಗೆ ಬಂದ ಒಂದು ಪ್ರಕಟಣೆಯನ್ನು ನಮ್ಮ ಅಳತೆಗೆ ಇಳಿಸಿ ಬರೆದದ್ದು ಇದು. ಆ ಮೂಲ ಪ್ರಕಟಣೆಯಲ್ಲಿ ಎಲ್ಲ ಪ್ರಮಾಣಗಳೂ ಹೆಕ್ಟೇರಿಗೆ ಇಷ್ಟು ಎಂದು ಇದ್ದವು. ನಮ್ಮಲ್ಲಿ ಹೆಚ್ಚಿನವರು ಸಾಗುವಳಿ ಮಾಡುವುದು ಹತ್ತು, ಇಪ್ಪತ್ತು ಗುಂಟೆಯಲ್ಲಿ. ಸಿಂಪಡಿಸುವುದು ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಕ್ಯಾನಿನಲ್ಲಿ. ಆದ್ದರಿಂದ ಹೆಕ್ಟೇರಿಗೆ 500 ಲೀಟರ್ ನೀರು ಎಂಬುದನ್ನು ಇಲ್ಲಿ ಎಕರೆಗೆ 200 ಲೀಟರ್, ಅಂದರೆ ಗುಂಟೆಗೆ 5 ಲೀಟರ್ ಎಂದು ಇಳಿಸಲಾಗಿದೆ. ಔಷಧಿಯ ಪ್ರಮಾಣವನ್ನು ಹೆಚ್ಚೂ ಮಾಡಿಲ್ಲ, ಕಡಿಮೆಯೂ ಮಾಡಿಲ್ಲ.

ಮೊದಲು ಗದ್ದೆಗೆ ಇಳಿದು ನೋಡಿ. ಬದುವಿನ ಮೇಲೆ ನಿಂತು ನೋಡಿದರೆ ಹುಳು ಕಾಣುವುದಿಲ್ಲ. ಗದ್ದೆಯ ನಡುವಿನ ಐದು ಕಡೆ, ಪ್ರತಿ ಕಡೆ ನಾಲ್ಕು ಬುಡಗಳನ್ನು ಬಿಡಿಸಿ, ಎಣಿಸಿ, ಆಮೇಲೆ ಸಿಂಪಡಣೆ ಬೇಕೋ ಬೇಡವೋ ಎಂದು ತೀರ್ಮಾನಿಸಿ. ಪಕ್ಕದ ಗದ್ದೆಯವರು ಹೊಡೆದರು ಎಂಬ ಒಂದೇ ಕಾರಣಕ್ಕೆ ಹೊಡೆಯಬೇಡಿ.

ಕಾಂಡ ಕೊರೆಯುವ ಹುಳು ಮತ್ತು ಎಲೆ ಸುರುಳಿ ಹುಳು

ನೂರು ತೆಂಡೆಗಳಲ್ಲಿ ಐದರ ಸುಳಿ ಒಣಗಿ, ಎಳೆದರೆ ಸುಲಭವಾಗಿ ಕೈಗೆ ಬಂದರೆ, ಅಥವಾ ಒಂದು ಚದರ ಮೀಟರಿನಲ್ಲಿ ಒಂದು ಮೊಟ್ಟೆಯ ಗುಂಪು ಕಂಡರೆ, ಕಾಂಡ ಕೊರೆಯುವ ಹುಳುವಿಗೆ ಔಷಧಿ ಬೇಕು. ಎಲೆ ಸುರುಳಿ ಹುಳುವಿಗಾದರೆ ಪ್ರತಿ ಬುಡದಲ್ಲಿ ಹೊಸದಾಗಿ ಮಡಿಚಿಕೊಂಡ ಒಂದೆರಡು ಎಲೆಗಳಿರಬೇಕು. ಎರಡಕ್ಕೂ ಕ್ಲೋರಾಂಟ್ರಾನಿಲಿಪ್ರೋಲ್ ಶೇ 18.5 ಎಸ್.ಸಿ. ಬಳಸಿ. ಹೆಕ್ಟೇರಿಗೆ 150 ಮಿ.ಲೀ. ಎಂದರೆ ಎಕರೆಗೆ 60 ಮಿ.ಲೀ., ಇಪ್ಪತ್ತು ಗುಂಟೆಗೆ 30 ಮಿ.ಲೀ., ಹತ್ತು ಗುಂಟೆಗೆ 15 ಮಿ.ಲೀ. ಲೀಟರ್ ನೀರಿಗೆ 0.3 ಮಿ.ಲೀ., 16 ಲೀಟರಿನ ಒಂದು ಕ್ಯಾನಿಗೆ 4.8 ಮಿ.ಲೀ. ಆಗುತ್ತದೆ.

ಈ 4.8 ಮಿ.ಲೀ.ಯನ್ನು ಬಾಟಲಿಯ ಮುಚ್ಚಳದಲ್ಲಿ ಅಳೆಯಬೇಡಿ. ಒಂದೊಂದು ಮುಚ್ಚಳ ಒಂದೊಂದು ಅಳತೆ. ಔಷಧದ ಅಂಗಡಿಯಲ್ಲಿ ಸಿಗುವ 5 ಮಿ.ಲೀ. ಸಿರಿಂಜನ್ನು ಸೂಜಿ ತೆಗೆದು ಇದಕ್ಕೆಂದೇ ಇಟ್ಟುಕೊಳ್ಳಿ.

ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ 47 ದಿನ ಬಿಡಬೇಕು. ಡಿಸೆಂಬರ್ 10ಕ್ಕೆ ಕೊಯ್ಲು ಎಂದುಕೊಂಡಿದ್ದರೆ ಅಕ್ಟೋಬರ್ 24ರ ನಂತರ ಇದನ್ನು ಹೊಡೆಯಬಾರದು. ಬಿಳಿ ತೆನೆ ಹೊರಬಂದ ಮೇಲೆ ಯಾವ ಔಷಧಿಯಿಂದಲೂ ಅದು ಕಾಳು ಕಟ್ಟುವುದಿಲ್ಲ, ಆಗ ಹೊಡೆಯುವುದು ಬರೀ ಖರ್ಚು. ನಾಟಿಗೆ ಮೊದಲೇ ಸಸಿಯ ತುದಿಗಳನ್ನು ಕತ್ತರಿಸಿ ನಾಶಮಾಡಿದರೆ ತುದಿಯಲ್ಲಿರುವ ಮೊಟ್ಟೆಗಳು ಗದ್ದೆಗೆ ಬರುವುದೇ ಇಲ್ಲ.

ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ

ಮೂಲ ಪ್ರಕಟಣೆಯಲ್ಲಿ ಈ ವಿಷಯಕ್ಕೆ ಒಂದೇ ಸಾಲಿತ್ತು. ನಮ್ಮ ಜಿಲ್ಲೆಗೆ ಅಷ್ಟು ಸಾಲದು. ಮೇಲೆ ಹೇಳಿದ ಔಷಧಿ ರೇಷ್ಮೆ ಹುಳುವಿಗೆ ಅತ್ಯಂತ ವಿಷಕಾರಿ. ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕೂತ ಸಣ್ಣ ಹನಿಗಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಆ ಸೊಪ್ಪು ತಿಂದ ಹುಳು ಗೂಡು ಕಟ್ಟದೆ ಸಾಯುತ್ತದೆ. ಇಂಥ ಕಡೆ ಹಣ್ಣಾಗುವ ಹೊತ್ತಿನಲ್ಲಿದ್ದ ಹುಳುಗಳನ್ನು ತಟ್ಟೆಗಟ್ಟಲೆ ಹೊರಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭತ್ತ ಬೆಳೆದವರಿಗೂ ರೇಷ್ಮೆ ಸಾಕಿದವರಿಗೂ ಅದರ ಕಾರಣ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಆದ್ದರಿಂದ ಹಿಪ್ಪುನೇರಳೆಗೆ ಅಂಟಿಕೊಂಡ ಗದ್ದೆಯಲ್ಲಿ ಇದನ್ನು ಸಿಂಪಡಿಸಬೇಡಿ. ಕಾಂಡ ಕೊರೆಯುವ ಹುಳುವಿಗೆ ಅದೇ ಔಷಧಿಯ ಹರಳು ರೂಪವಾದ ಕ್ಲೋರಾಂಟ್ರಾನಿಲಿಪ್ರೋಲ್ ಶೇ 0.4 ಜಿ.ಆರ್. ಅನ್ನು ಎಕರೆಗೆ 4 ಕಿಲೋ, ಹತ್ತು ಗುಂಟೆಗೆ 1 ಕಿಲೋದಂತೆ (ಹೆಕ್ಟೇರಿಗೆ 10 ಕಿಲೋ) ಕೈಗವಸು ಹಾಕಿಕೊಂಡು ಎರಚಿ. ಎರಚುವಾಗ ಗದ್ದೆಯಲ್ಲಿ ತೆಳ್ಳಗೆ ನೀರಿರಲಿ, ಆ ನೀರನ್ನು ನಾಲ್ಕೈದು ದಿನ ಹೊರಗೆ ಬಿಡಬೇಡಿ. ಇದಕ್ಕೆ ಕೊಯ್ಲಿನ ಅಂತರ 53 ದಿನ. ತೋಟ ದೂರವಿದ್ದರೂ ಸಿಂಪಡಿಸುವ ಹಿಂದಿನ ದಿನವೇ ತೋಟದವರಿಗೆ ತಿಳಿಸಿ. ಅವರು ಬೇಕಾದ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳಲಿ. ಗಾಳಿ ತೋಟದ ಕಡೆಗೆ ಬೀಸುತ್ತಿದ್ದರೆ ಆ ದಿನ ಕೆಲಸ ನಿಲ್ಲಿಸಿ. ಭತ್ತಕ್ಕೆ ಬಳಸಿದ ಕ್ಯಾನನ್ನು ಹಿಪ್ಪುನೇರಳೆಗೆ ಬಳಸಲೇಬೇಡಿ.

ಕಂದು ಜಿಗಿಹುಳು

ಬುಡಕ್ಕೆ 10 ಹುಳುಗಳಿಗಿಂತ ಹೆಚ್ಚಿದ್ದರೆ ಮಾತ್ರ ಔಷಧಿ. ಪೈಮೆಟ್ರೋಜಿನ್ ಶೇ 50 ಡಬ್ಲ್ಯು.ಜಿ. ಎಕರೆಗೆ 120 ಗ್ರಾಂ, ಇಪ್ಪತ್ತು ಗುಂಟೆಗೆ 60 ಗ್ರಾಂ, ಹತ್ತು ಗುಂಟೆಗೆ 30 ಗ್ರಾಂ (ಹೆಕ್ಟೇರಿಗೆ 300 ಗ್ರಾಂ). ಲೀಟರ್ ನೀರಿಗೆ 0.6 ಗ್ರಾಂ, ಕ್ಯಾನಿಗೆ 9.6 ಗ್ರಾಂ. ಕೊಯ್ಲಿಗೆ 19 ದಿನ ಅಂತರ.

ಹುಳು ಇರುವುದು ನೀರಿನ ಮಟ್ಟದ ಸ್ವಲ್ಪ ಮೇಲೆ, ಬುಡದಲ್ಲಿ. ಮೊದಲು ನೀರು ಬಸಿದು, ತೆಂಡೆಗಳನ್ನು ಅಗಲಿಸಿ, ನಳಿಕೆಯನ್ನು ಬುಡದತ್ತ ತಿರುಗಿಸಿ ಹೊಡೆಯಿರಿ. ಎಲೆಯ ಮೇಲೆ ಹೊಡೆದ ಔಷಧಿ ಹುಳುವನ್ನು ಮುಟ್ಟುವುದಿಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಔಷಧಿಗಳನ್ನು ಅಗ್ಗವೆಂದು ಇದಕ್ಕೆ ಬಳಸಬೇಡಿ, ಏಕೆಂದರೆ ಅವು ಜಿಗಿಹುಳುವನ್ನು ತಿನ್ನುವ ಜೇಡ ಮತ್ತು ತಿಗಣೆಗಳನ್ನು ಕೊಂದು, ಕೆಲವೇ ದಿನಗಳಲ್ಲಿ ಜಿಗಿಹುಳು ಇನ್ನೂ ಹೆಚ್ಚುವಂತೆ ಮಾಡುತ್ತವೆ. ಯೂರಿಯಾವನ್ನು ಒಂದೇ ಸಲ ಹೆಚ್ಚಾಗಿ ಕೊಟ್ಟ ಗದ್ದೆಯಲ್ಲಿ ಈ ಹುಳು ಬೇಗ ಬೆಳೆಯುತ್ತದೆ.

ಬೆಂಕಿ ರೋಗ

ಎಲೆಯ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದು ಬಣ್ಣದ ಚುಕ್ಕೆ ಕಂಡರೆ ಟ್ರೈಸೈಕ್ಲಜೋಲ್ ಶೇ 75 ಡಬ್ಲ್ಯು.ಪಿ. ಲೀಟರಿಗೆ 0.6 ಗ್ರಾಂ, ಕ್ಯಾನಿಗೆ 9.6 ಗ್ರಾಂ, ಎಕರೆಗೆ 120 ಗ್ರಾಂ. ಕೊಯ್ಲಿಗೆ 30 ದಿನ ಅಂತರ.

ಪುಡಿಯನ್ನು ತೂಕವಿಲ್ಲದೆ ಹಂಚುವ ಬಗೆ

9.6 ಗ್ರಾಂ ತೂಗುವ ತಕ್ಕಡಿ ಮನೆಯಲ್ಲಿರುವುದಿಲ್ಲ. ಎಕರೆಯ 120 ಗ್ರಾಂ ಪೊಟ್ಟಣವನ್ನು ಪೂರ್ತಿಯಾಗಿ ಎರಡೂವರೆ ಲೀಟರ್ ನೀರಿನಲ್ಲಿ ಕರಗಿಸಿ, ಪ್ರತಿ ಬಾರಿಯೂ ಚೆನ್ನಾಗಿ ಕದಡಿ, 200 ಮಿ.ಲೀ. ತೆಗೆದು ಕ್ಯಾನಿಗೆ ಹಾಕಿ, ಮಿಕ್ಕ ಭಾಗವನ್ನು ನೀರಿನಿಂದ 16 ಲೀಟರಿಗೆ ತುಂಬಿಸಿ. ಒಟ್ಟು ಹನ್ನೆರಡೂವರೆ ಕ್ಯಾನು ಆಗುತ್ತದೆ. ಇಪ್ಪತ್ತು ಗುಂಟೆಗೆ 60 ಗ್ರಾಂ ತೂಗಿಸಿಕೊಂಡು ಒಂದೂಕಾಲು ಲೀಟರಿನಲ್ಲಿ ಕರಗಿಸಿದರೆ ಅದೇ 200 ಮಿ.ಲೀ. ಲೆಕ್ಕ ಸರಿಹೋಗುತ್ತದೆ. ಕರಗಿಸಿದ್ದನ್ನು ಮರುದಿನಕ್ಕೆ ಇಡಬೇಡಿ. ಒಂದು ಕ್ಯಾನು ಮೂರು ಗುಂಟೆಗಿಂತ ಸ್ವಲ್ಪ ಹೆಚ್ಚು ಜಾಗಕ್ಕೆ ಬರಬೇಕು. ಬರುತ್ತದೆಯೇ ಎಂಬುದನ್ನು ಮೊದಲು ಬರೀ ನೀರಿನಲ್ಲಿ ಹೊಡೆದು ನೋಡಿ.

ಒಂದು ಕ್ಯಾನಿನಲ್ಲಿ ಒಂದೇ ಔಷಧಿ ಇರಲಿ. ಅಂಗಡಿಯವರು ಮೂರನ್ನು ಬೆರೆಸಿಕೊಟ್ಟರೂ ಬೇಡವೆನ್ನಿ, ಬಿಲ್ಲು ಕೇಳಿ ಪಡೆಯಿರಿ, ಅವಧಿ ಮುಗಿದಿಲ್ಲವೆಂದು ನೋಡಿ. ಬಿಸಿಲೇರುವ ಮೊದಲು ಅಥವಾ ಸಂಜೆ, ತುಂಬುದೋಳಿನ ಅಂಗಿ, ಕೈಗವಸು ಮತ್ತು ಮುಖಕ್ಕೆ ಬಟ್ಟೆಯೊಂದಿಗೆ ಸಿಂಪಡಿಸಿ. ಕೆಲಸದ ನಡುವೆ ಬೀಡಿ, ಎಲೆಅಡಿಕೆ ಬೇಡ. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಬೇಡಿ. ಕ್ಯಾನನ್ನು ನಾಲೆಯಲ್ಲಿ ತೊಳೆಯಬೇಡಿ. ಆ ನೀರನ್ನು ಕೆಳಗಿನವರ ದನ ಕುಡಿಯುತ್ತದೆ. ಖಾಲಿ ಬಾಟಲಿಯನ್ನು ಮೂರು ಬಾರಿ ನೀರಿನಿಂದ ಜಾಲಾಡಿಸಿ, ಆ ನೀರನ್ನು ಕ್ಯಾನಿಗೇ ಸುರಿದು, ಬಾಟಲಿಗೆ ತೂತು ಮಾಡಿ. ಸೀಮೆಎಣ್ಣೆಗೋ ಹಾಲಿಗೋ ಅದನ್ನು ಬಳಸುವ ಮನೆಗಳು ಇನ್ನೂ ಇವೆ.

ತಲೆಸುತ್ತು, ವಾಂತಿ, ಕಣ್ಣುಮಂಜು ಕಂಡರೆ ಕೂಡಲೇ ಗದ್ದೆಯಿಂದ ಹೊರಬಂದು, ಬಟ್ಟೆ ತೆಗೆದು, ಸೋಪಿನಿಂದ ಮೈತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಹಾಕಿ. ಔಷಧಿ ಹೊಟ್ಟೆಗೆ ಹೋಗಿದ್ದರೆ ವೈದ್ಯರು ಹೇಳದೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಲೇಬಲ್ ಇರುವ ಬಾಟಲಿ ಅಥವಾ ಪೊಟ್ಟಣವನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ. ಬೆಳೆಯ ಬಗ್ಗೆ ಅನುಮಾನವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹುಳು ಅಥವಾ ಎಲೆಯ ಮಾದರಿಯನ್ನು ತನ್ನಿ, ಇಲ್ಲವೇ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ಹಣವಿಲ್ಲ.