ನಿಸರ್ಗ ಸಂಘದ ಸೂಚನೆ: ಭಾನುವಾರ ಹಕ್ಕಿ ನೋಡಲು ಹೋಗೋಣ

8, 9 ಮತ್ತು 10ನೇ ತರಗತಿಯ ವಿದ್ಯಾರ್ಥಿಗಳೇ,

ಇದೇ ಫೆಬ್ರವರಿ 8ರ ಭಾನುವಾರ ಬೆಳಿಗ್ಗೆ 6.30ಕ್ಕೆ ಶಾಲೆಯ ಗೇಟಿನ ಬಳಿ ಸೇರಿ. ಹಿಂದಿನ ಕಾಫಿ ತೋಟದ ದಾರಿಯಲ್ಲಿ ಹೊಳೆಯವರೆಗೆ ನಡೆದು, 9.30ಕ್ಕೆ ಮರಳುತ್ತೇವೆ. ತೋಟದ ಮಾಲೀಕರು ಒಪ್ಪಿದ್ದಾರೆ.

ಹಾಲುವಾಣ ಈಗ ಕೆಂಪಗೆ ಹೂಬಿಟ್ಟಿದೆ. ಮಕರಂದಕ್ಕೆ ಬರುವ ಹಕ್ಕಿಗಳನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಭೀಮರಾಜ ಬಂದರೆ ಬಾಲ ಗಮನಿಸಿ: ತಂತಿಯಂಥ ಎರಡು ಉದ್ದ ಗರಿ, ತುದಿಯಲ್ಲಿ ಪುಟ್ಟ ಸೌಟಿನಂಥ ಅಲಗು. ಎರಡು ಬಗೆಯ ಪಿಕಳಾರಗಳಲ್ಲಿ ಯಾವುದು ಯಾವುದೆಂದು ಹಲವರಿಗೆ ಗೊಂದಲವಾಗುತ್ತದೆ. ಬಾಲದ ಬುಡ ಎರಡರಲ್ಲೂ ಕೆಂಪೇ. ನೆಟ್ಟಗೆ ನಿಂತ ಚೂಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ ಇದ್ದರೆ ಅದು ಕೆಂಪು ಮೀಸೆಯ ಪಿಕಳಾರ. ಆದ್ದರಿಂದ ತಲೆ ಕಾಣುವಂತೆ ಫೋಟೋ ತೆಗೆಯಿರಿ.

ಮೊಬೈಲ್ ಕ್ಯಾಮೆರಾ ಸಾಕು. ಫ್ಲ್ಯಾಶ್ ಬೇಡ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುವುದು, ಗೂಡಿನ ಹತ್ತಿರ ಹೋಗುವುದು ಖಂಡಿತ ಕೂಡದು. ಹೆದರಿದ ತಾಯಿಹಕ್ಕಿ ಗೂಡನ್ನೇ ಬಿಟ್ಟು ಹೋಗಬಹುದು. ಆನೆ ಓಡಾಡುವ ಜಾಗ, ಗುಂಪು ಬಿಟ್ಟು ಯಾರೂ ಮುಂದೆ ಹೋಗಬಾರದು.

ಸ್ವೆಟರ್, ಬೂಟು, ನೀರು, ನೋಟ್‌ಬುಕ್ ತನ್ನಿ. ಬೈನಾಕ್ಯುಲರ್ ನಾಲ್ಕಿವೆ, ಹಂಚಿಕೊಳ್ಳೋಣ. ಪೋಷಕರ ಒಪ್ಪಿಗೆ ಪತ್ರವನ್ನು ಶುಕ್ರವಾರ ಸಂಜೆಯೊಳಗೆ ವಿಜ್ಞಾನ ಪ್ರಯೋಗಾಲಯದಲ್ಲಿ ಕೊಡಿ. 25 ಮಂದಿಗೆ ಮಾತ್ರ ಅವಕಾಶ.

ವಿಜ್ಞಾನ ಶಿಕ್ಷಕಿ,
ನಿಸರ್ಗ ಸಂಘದ ಪರವಾಗಿ